ಗ್ರಾಚ್ಯುಟಿ ಆದೇಶ: ಸಹಿಗೆ ಮುನ್ನ ಓದಬೇಕಾದ ಮೂರು ಸಾಲು

ನಿವೃತ್ತಿಯ ದಿನ ಕೈಗೆ ಬರುವ ಗ್ರಾಚ್ಯುಟಿ ಪಾವತಿ ಆದೇಶದಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಕೊನೆಯ ಮೊತ್ತಕ್ಕೆ. ಆದರೆ ಹಣ ಸೋರಿಹೋಗುವುದು ಅದರ ಮೇಲಿನ ಸಾಲುಗಳಲ್ಲಿ.

ಪೀಣ್ಯದ ಖಾಸಗಿ ಕಾರ್ಖಾನೆಯೊಂದರ ಕಾರ್ಮಿಕರ ಆದೇಶ ಹೀಗಿದೆ ಎಂದುಕೊಳ್ಳೋಣ. ಸೇರಿದ್ದು 10-10-1996, ನಿವೃತ್ತಿ 31-5-2025. ಕೊನೆಯ ತಿಂಗಳ ಮೂಲವೇತನ 38,000, ತುಟ್ಟಿಭತ್ಯೆ 14,000 ರೂಪಾಯಿ. ಮನೆ ಬಾಡಿಗೆ ಭತ್ಯೆಯೂ ಇತ್ತು. 1972ರ ಗ್ರಾಚ್ಯುಟಿ ಕಾಯ್ದೆ ಅದನ್ನು ವೇತನವೆಂದು ಎಣಿಸುವುದಿಲ್ಲ.

ಸೇವೆ 28 ವರ್ಷ ತುಂಬಿ ಏಳು ತಿಂಗಳು ದಾಟಿದೆ. ಆರು ತಿಂಗಳಿಗಿಂತ ಹೆಚ್ಚಾದ ಭಾಗವನ್ನು ಪೂರ್ಣ ವರ್ಷವೆಂದು ಹಿಡಿಯಬೇಕು, ಹಾಗಾಗಿ 29 ವರ್ಷ. ಹಕ್ಕು ಹುಟ್ಟಲು ಐದು ವರ್ಷಗಳ ನಿರಂತರ ಸೇವೆ ಬೇಕು. ನೌಕರ ತೀರಿಕೊಂಡರೆ ಅಥವಾ ಅಂಗವಿಕಲನಾದರೆ ಈ ಷರತ್ತು ಅನ್ವಯಿಸುವುದಿಲ್ಲ. ಇದು ತಿಳಿಯದೆ ಎಷ್ಟೋ ಕುಟುಂಬಗಳು ಕೇಳುವುದೇ ಇಲ್ಲ.

ಇನ್ನು ಲೆಕ್ಕ. ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ. ದಿನದ ಸಂಬಳ ತಿಳಿಯಲು ತಿಂಗಳ ವೇತನವನ್ನು 26ರಿಂದ ಭಾಗಿಸಬೇಕು, 30ರಿಂದಲ್ಲ. ವಾರದ ರಜೆ ಕಳೆದರೆ ತಿಂಗಳಲ್ಲಿ ಕೆಲಸದ ದಿನಗಳು ಅಷ್ಟೇ. 52,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 2,000, ಹದಿನೈದು ದಿನಕ್ಕೆ 30,000, ಇಪ್ಪತ್ತೊಂಬತ್ತು ವರ್ಷಕ್ಕೆ 8,70,000 ರೂಪಾಯಿ. ಯಾರಾದರೂ 30ರಿಂದ ಭಾಗಿಸಿದ್ದರೆ ಬರುವುದು 7,54,000. ತುಟ್ಟಿಭತ್ಯೆ ಬಿಟ್ಟು ಲೆಕ್ಕ ಹಾಕಿದ್ದರೆ ಇನ್ನೂ ಕಡಿಮೆ, ಸುಮಾರು 6,35,800. ಆದೇಶದ ವೇತನದ ಸಾಲನ್ನು ಕೊನೆಯ ಸಂಬಳ ಚೀಟಿಯ ಪಕ್ಕ ಇಟ್ಟು ನೋಡಿದರೆ ಈ ತಪ್ಪು ತಕ್ಷಣ ಸಿಗುತ್ತದೆ.

ಖಾಸಗಿ ನೌಕರರಿಗೆ ತೆರಿಗೆ ವಿನಾಯಿತಿಯ ಮಿತಿ 20 ಲಕ್ಷ. ಆದರೆ 20 ಲಕ್ಷದೊಳಗೆ ಬಂದದ್ದೆಲ್ಲ ತೆರಿಗೆಮುಕ್ತವಲ್ಲ. ಕೈಗೆ ಬಂದ ಹಣ, ಮೇಲಿನ ಸೂತ್ರದ ಮೊತ್ತ, 20 ಲಕ್ಷ, ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೇ ವಿನಾಯಿತಿ. ಮಾಲೀಕರು ಸಂತೋಷದಿಂದ 10 ಲಕ್ಷ ಕೊಟ್ಟಿದ್ದರೆ ಹೆಚ್ಚುವರಿ 1,30,000 ಆದಾಯಕ್ಕೆ ಸೇರುತ್ತದೆ. ಈ ಮಿತಿ ಇಡೀ ಬದುಕಿಗೆ ಒಂದೇ. ಹಿಂದಿನ ಕಂಪನಿಯ ಗ್ರಾಚ್ಯುಟಿಗೆ 3 ಲಕ್ಷ ವಿನಾಯಿತಿ ಪಡೆದಿದ್ದರೆ ಉಳಿಯುವುದು 17 ಲಕ್ಷ. ಸರ್ಕಾರಿ ನೌಕರರ ಗ್ರಾಚ್ಯುಟಿಗೆ ಪೂರ್ಣ ವಿನಾಯಿತಿ ಇದೆ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿದೆ. 15 ದಿನ, 26ರ ಸೂತ್ರ ಹಾಗೆಯೇ ಇದೆ. ಬದಲಾದದ್ದು ವೇತನದ ವ್ಯಾಖ್ಯೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವೂ ವೇತನವೇ. ಅವಧಿ ಗುತ್ತಿಗೆಯ ನೌಕರರಿಗೆ ಈಗ ಒಂದು ವರ್ಷದ ಸೇವೆ ಸಾಕು.

ಗ್ರಾಚ್ಯುಟಿಯನ್ನು 30 ದಿನದೊಳಗೆ ಪಾವತಿಸಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಲೆಕ್ಕ ತಪ್ಪಿದ್ದರೆ ಮೊದಲು ಕಂಪನಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಸರಿಪಡಿಸದಿದ್ದರೆ ಕಾರ್ಮಿಕ ಇಲಾಖೆಯ ಸಕ್ಷಮ ಅಧಿಕಾರಿಗೆ ಅರ್ಜಿ ಕೊಡಬಹುದು.