ನೀರಿಳಿದ ಬೀದಿಯಲ್ಲಿ ಒಂದು ಸಭೆ

ಚಾಮುಂಡಿ ಬೆಟ್ಟದ ಬುಡದಲ್ಲಿರುವ ಮೈಸೂರಿನ ಒಂದು ತಗ್ಗು ಬಡಾವಣೆ. 2021ರ ಅಕ್ಟೋಬರ್ ಮಳೆಗೆ ಬೆಟ್ಟದ ನಂದಿ ರಸ್ತೆಯೇ ಕುಸಿದಿತ್ತು; ಬುಡದ ಬಡಾವಣೆಗಳಲ್ಲಿ ಮನೆಯೊಳಗೆ ನೀರು ನುಗ್ಗಿತ್ತು. ಮಳೆ ನಿಂತ ಮೇಲೆ ನಾನು ಅಲ್ಲಿಗೆ ಹೋದೆ.

ಮೊದಲಿಗೆ ಸಿಗುವುದು ರಾಜಕಾಲುವೆಯ ಮೋರಿ. ಬಗ್ಗಿ ನೋಡಿದರೆ ಹೂಳು, ಪ್ಲಾಸ್ಟಿಕ್, ಒಂದು ಹಾಸಿಗೆಯ ತುಂಡು. ಮುಂದಿನ ಬೀದಿಯಲ್ಲಿ ಗೋಡೆಗಳ ಮೇಲೆ ಕೆಸರಿನ ಗೆರೆ. ಒಂದು ಮನೆಯವರು ಅದನ್ನು ತೊಳೆದುಬಿಟ್ಟಿದ್ದರು, ಪಕ್ಕದವರು ಹಾಗೇ ಬಿಟ್ಟಿದ್ದರು. ಯಾಕೆ ಬಿಟ್ಟರೋ ಆಗ ನನಗೆ ಹೊಳೆಯಲಿಲ್ಲ.

ಬೀದಿಯ ಕೊನೆಯಲ್ಲಿ ದೇವಸ್ಥಾನದ ಜಗಲಿ. ಅಲ್ಲಿ ವಾರ್ಡಿನ ಕಾರ್ಪೊರೇಟರ್ ಮಾತನಾಡುತ್ತಿದ್ದರು. ಊಟ ಹಂಚಿದ, ವಯಸ್ಸಾದವರನ್ನು ಹೊತ್ತು ತಂದ ಹುಡುಗರಿಗೆ ಕೈಮುಗಿದರು. ಬಳಿಕ, "ನೀವು ಮನೆ ಮನೆಗೆ ಊಟ ಕೊಟ್ಟಾಗ ಬರೆದಿಟ್ಟ ಪುಸ್ತಕ ಜೋಪಾನ. ಸರ್ವೆ ಪಟ್ಟಿಯಲ್ಲಿ ಯಾರ ಹೆಸರಾದರೂ ಬಿಟ್ಟುಹೋದರೆ ಅದೇ ತೋರಿಸಬೇಕು" ಎಂದರು.

ಮುಂದಿನ ಮಾತು ಹಣದ್ದು. ಪರಿಹಾರ ಮಂಜೂರು ಮಾಡುವ ಅಧಿಕಾರ ತಮಗಿಲ್ಲ, ಅದು ತಹಶೀಲ್ದಾರರದು ಎಂದು ನೇರವಾಗಿ ಹೇಳಿದರು. ಆಗ ನೀರು ನುಗ್ಗಿದ ಮನೆಗೆ ಬಟ್ಟೆ, ಪಾತ್ರೆ ಬಾಬ್ತು 3,800 ರೂಪಾಯಿ, ರಾಜ್ಯ ಸರ್ಕಾರ ಸೇರಿಸುತ್ತಿದ್ದ 6,200, ಒಟ್ಟು 10,000 ಸಿಗುತ್ತಿತ್ತು. ಅದು ಅಲ್ಲಿ ವಾಸವಿರುವ ಕುಟುಂಬಕ್ಕೆ, ಅಂದರೆ ಬಾಡಿಗೆಯವರಿಗೂ. ಮನೆಯೇ ಹಾಳಾಗಿದ್ದರೆ ಲೆಕ್ಕ ಬೇರೆ, ಅದು ಮಾಲೀಕರಿಗೆ. ಹಾನಿ ಶೇಕಡಾ 15ಕ್ಕಿಂತ ಕಡಿಮೆ ಎಂದು ಮಹಜರಿನಲ್ಲಿ ಬರೆದರೆ ಸಿಗುವುದಿಲ್ಲ.

ಗೋಡೆಯ ಗೆರೆ ಏಕೆ ಉಳಿದಿತ್ತು ಎಂಬುದು ಆಗ ತಿಳಿಯಿತು. ಮಹಜರಿಗೆ ಬರುವವರು ನೀರು ಎಲ್ಲಿಯವರೆಗೆ ನಿಂತಿತ್ತೆಂದು ಅದರಿಂದಲೇ ಅಂದಾಜು ಮಾಡುತ್ತಾರೆ. ತೊಳೆಯುವುದಾದರೆ ಮೊದಲು ಫೋಟೊ ತೆಗೆಯಿರಿ, ಬಾಗಿಲ ಸಂಖ್ಯೆಯೂ ಕಾಣಲಿ ಎಂದರು. ಮಣ್ಣಿನ ಗೋಡೆ ನೆನೆದಾಗ ನಿಂತಿದ್ದು ಒಣಗುವಾಗ ಬೀಳುವುದುಂಟು. ಹಾಗಾದರೆ ಮತ್ತೊಮ್ಮೆ ಅರ್ಜಿ ಕೊಡಬೇಕು.

ಹಿಂದೆ ಕುಳಿತಿದ್ದ ಒಬ್ಬ ಅಜ್ಜಿ, "ಪಾಸ್‌ಬುಕ್ಕೇ ತೇಲಿಹೋಯ್ತಲ್ಲಮ್ಮ?" ಎಂದರು. ಆಧಾರ್ ಜೋಡಿಸಿದ ಖಾತೆ ಇದ್ದರೆ ಹಣ ಬರುತ್ತದೆ, ಪಾಸ್‌ಬುಕ್ ಆಮೇಲೆ ಮಾಡಿಸೋಣ ಎಂಬ ಉತ್ತರ ಬಂತು. ಅಜ್ಜಿಗೆ ಸಮಾಧಾನವಾಯಿತೋ ಇಲ್ಲವೋ, ಮುಖದಿಂದ ಗೊತ್ತಾಗಲಿಲ್ಲ.

ಸಂಪಿನ ವಿಷಯ ಕೊನೆಗೆ ಬಂತು. ಚರಂಡಿ ನೀರು ಹೊಕ್ಕ ಸಂಪನ್ನು ಪೂರ್ತಿ ಖಾಲಿ ಮಾಡಿ, ಉಜ್ಜಿ, ಹೊಸ ನೀರು ತುಂಬಬೇಕು. ಸಾವಿರ ಲೀಟರಿಗೆ ಕನಿಷ್ಠ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ಮೇಲಿನ ತಿಳಿಯನ್ನಷ್ಟೇ ಹಾಕಿ, ಒಂದು ಗಂಟೆ ಬಿಡಬೇಕು. ಕುಡಿಯುವ ನೀರನ್ನು ಕುದಿಸಲೇಬೇಕು.

ರಾಜಕಾಲುವೆಯ ಹೂಳೆತ್ತುವುದು ಪಾಲಿಕೆಯ ಕೆಲಸ, ಅದನ್ನು ನನ್ನಿಂದ ಕೇಳಿ ಎಂದು ಅವರು ಮಾತು ಮುಗಿಸಿದರು. ಯಾವುದನ್ನು ಯಾರಲ್ಲಿ ಕೇಳಬೇಕೆಂದು ಜನರಿಗೆ ತಿಳಿಸಿದ್ದೇ ಆ ಭಾಷಣದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು.