ಪ್ರಶ್ನೆಗೆ ಪ್ರಶ್ನೆಯೇ ಉತ್ತರವಾದಾಗ

ನಾರಾಯಣಗೂಡದ ವೈಎಂಸಿಎ ಹತ್ತಿರದ ಗಲ್ಲಿಯಲ್ಲಿ ನಮ್ಮ ಅಪಾರ್ಟ್‌ಮೆಂಟ್. ಮೂರನೇ ಮಹಡಿಯಲ್ಲಿ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರಿದ್ದಾರೆ, ವಯಸ್ಸು ಎಪ್ಪತ್ತೆರಡು. ಕಟ್ಟಡದ ಕನ್ನಡದವರೆಲ್ಲ ಅವರನ್ನು ಕಾಕು ಅನ್ನುತ್ತೇವೆ. ಯಜಮಾನರು ರೈಲ್ವೆಯಲ್ಲಿದ್ದವರು. ಹುಬ್ಬಳ್ಳಿ ವಿಭಾಗ 2003ರವರೆಗೆ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೇ ಸೇರಿತ್ತಲ್ಲ, ಹಾಗೆ ವರ್ಗವಾಗಿ ಇಲ್ಲಿಗೆ ಬಂದು ಇಲ್ಲೇ ಉಳಿದ ಕುಟುಂಬ. ಕಾಕು ಸ್ವತಃ ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು.

ನನ್ನದು ಸಾಫ್ಟ್‌ವೇರ್ ಸಪೋರ್ಟ್ ಕೆಲಸ. ಹದಿನಾಲ್ಕು ವರ್ಷಗಳಿಂದ ಬಳಕೆದಾರರಿಗೆ ಪ್ರಶ್ನೆ ಕೇಳಿಯೇ ಸಂಬಳ ಎಣಿಸುತ್ತಿದ್ದೇನೆ. ಹಾಗಾಗಿ ಪ್ರತಿ ನವೆಂಬರಿನಲ್ಲಿ ಕಾಕು ಅವರ ಜೀವನ ಪ್ರಮಾಣಪತ್ರ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೋದ ವರ್ಷ ಅದರಲ್ಲೇ ನಾನು ಎಡವಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕೇಂದ್ರ ಸರ್ಕಾರದ ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ದೃಢೀಕರಿಸಬೇಕು. ಎಂಬತ್ತು ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶವಿದೆ. 2014ರಲ್ಲಿ ಬಂದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಇದನ್ನು ಆಧಾರ್ ಮೂಲಕ ಮಾಡಬಹುದು. ಮೊದಲು ಬೆರಳಚ್ಚಿನ ಯಂತ್ರ ಬೇಕಿತ್ತು. 2021ರಿಂದ ಮುಖ ತೋರಿಸಿದರೂ ಸಾಕು. ಫೋನಿನಲ್ಲಿ ಜೀವನ್ ಪ್ರಮಾಣ್ ಆ್ಯಪ್ ಮತ್ತು AadhaarFaceRD ಎರಡೂ ಇರಬೇಕು. ಪಿಂಚಣಿ ಯಾವ ಬಗೆಯದು, ಮಂಜೂರು ಮಾಡಿದ ಇಲಾಖೆ ಯಾವುದು, ದುಡ್ಡು ಕೊಡುವವರು ಯಾರು, ಪಿಪಿಒ ಸಂಖ್ಯೆ, ಖಾತೆ ಸಂಖ್ಯೆ, ಇಷ್ಟನ್ನು ತುಂಬಬೇಕು. ಒಂದಕ್ಕಿಂತ ಹೆಚ್ಚು ಪಿಂಚಣಿ ಬರುವವರು ಪ್ರತಿ ಪಿಪಿಒಗೂ ಬೇರೆ ಬೇರೆ ಪ್ರಮಾಣಪತ್ರ ಮಾಡಿಸಬೇಕು.

ಹೋದ ವರ್ಷ ಆಗಿದ್ದು ಇಷ್ಟೇ. ನಾನು ಸೋಫಾದಲ್ಲಿ ಕೂತು ಫೋನ್ ತೆಗೆದು ಕೇಳಿದೆ:

“ಕಾಕು, ಯಾವ ಪೆನ್ಶನ್‌ದು ಮಾಡ್ಬೇಕು?”

“ಯಾಕಪ್ಪಾ, ಪೆನ್ಶನ್ ನಿಲ್ಲಸ್ತಾರೇನು?”

“ಇಲ್ಲ ಕಾಕು, ಇದನ್ನ ಮಾಡಿದ್ರೆ ನಿಲ್ಲಲ್ಲ.”

ಅವರಿಗೆ ಸಮಾಧಾನವಾಯಿತು, ಚಹಾ ಮಾಡಲು ಎದ್ದರು. ಮೇಜಿನ ಮೇಲೆ ಅಂಚೆ ಇಲಾಖೆಯ ಪಿಪಿಒ ಇತ್ತು. ಅದರ ಸಂಖ್ಯೆ ತುಂಬಿದೆ, ಮುಖ ತೋರಿಸಿ ಕಣ್ಣು ಮಿಟುಕಿಸಿದರು, ಮುಗಿಯಿತು. ಪ್ರಮಾಣ್ ಐಡಿಯ ಎಸ್‌ಎಂಎಸ್ ಕೂಡ ಬಂತು. ಜನವರಿಯಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಗೊತ್ತಾಯಿತು, ಯಜಮಾನರ ಕುಟುಂಬ ಪಿಂಚಣಿ ಡಿಸೆಂಬರಿನದು ಬಂದಿಲ್ಲ. ಔಷಧಿ ಅಂಗಡಿಯ ಲೆಕ್ಕ ಕಾಕು ತೀರಿಸುವುದು ಆ ದುಡ್ಡಿನಿಂದಲೇ. ಆ ತಿಂಗಳು ಅವರು ಯಾರಿಗೂ ಹೇಳದೆ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಂಡಿದ್ದರು. ಎರಡನೇ ಪ್ರಮಾಣಪತ್ರ ಮಾಡಿಸಿದ ಮೇಲೆ ಬಾಕಿ ಸಮೇತ ದುಡ್ಡು ಬಂತು, ನಿಜ. ಆದರೆ ಆ ಮಾತ್ರೆಯ ವಿಷಯ ಮಾತ್ರ ನನ್ನ ತಲೆಯಿಂದ ಹೋಗಿಲ್ಲ.

ಆ ಮೂರು ಸಾಲಿನ ಮಾತುಕತೆಯನ್ನು ಮತ್ತೊಮ್ಮೆ ಓದಿ. ಕಾಕು ಪ್ರಶ್ನೆಗೆ ಉತ್ತರ ಸಿಕ್ಕಿತು. ನನ್ನ ಪ್ರಶ್ನೆಗೆ ಸಿಗಲೇ ಇಲ್ಲ. ಆ ಖಾಲಿ ಜಾಗವನ್ನು ಮೇಜಿನ ಮೇಲಿದ್ದ ಕಾಗದ ನೋಡಿ ನಾನೇ ತುಂಬಿದೆ. ಆಫೀಸಿನಲ್ಲಿ ಜೂನಿಯರ್‌ಗಳಿಗೆ ಇಂಥದ್ದೇ ತಪ್ಪಿಗೆ ಗದರಿದ್ದೇನೆ.

ಮಾತುಕತೆ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಜೀವನವಿಡೀ ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನುಯೆಲ್ ಶೆಗ್ಲಾಫ್ ಇಲ್ಲಿ ಒಂದು ಉಪಯುಕ್ತ ವ್ಯತ್ಯಾಸ ತೋರಿಸುತ್ತಾರೆ. ಪ್ರಶ್ನೆಗೆ ಎದುರಾಗಿ ಬರುವ ಪ್ರಶ್ನೆಗಳೆಲ್ಲ ಒಂದೇ ಅಲ್ಲ. ಇರಾನಿ ಹೋಟೆಲಿನಲ್ಲಿ “ಉಸ್ಮಾನಿಯಾ ಬಿಸ್ಕತ್ತು ಇದೆಯಾ?” ಅಂದರೆ ಗಲ್ಲಾದವನು “ಎಷ್ಟು ಬೇಕು?” ಅನ್ನುತ್ತಾನೆ. ಅದು ಉತ್ತರ ಕೊಡಲೆಂದೇ ನಡುವೆ ತೂರಿಸಿದ ಪ್ರಶ್ನೆ. ನೀವು “ಆರು” ಅಂದ ಕೂಡಲೇ ಮೂಲ ಪ್ರಶ್ನೆ ತಾನಾಗಿ ತೀರುತ್ತದೆ. ಇನ್ನೊಂದು ಬಗೆಯದು ತಿರುಗುಪ್ರಶ್ನೆ. “ಊಟ ಆಯ್ತಾ?” ಅಂದರೆ “ನಿಮ್ದು?” ಅನ್ನುತ್ತೇವಲ್ಲ, ಹಾಗೆ. ಇದು ಉತ್ತರಿಸುವ ಹೊಣೆಯನ್ನು ಕೇಳಿದವರ ಕಡೆಗೇ ತಿರುಗಿಸುತ್ತದೆ. ಉಪಚಾರದ ಮಾತಿನಲ್ಲಿ ಅದರಿಂದ ನಷ್ಟವಿಲ್ಲ. ಫಾರಂ ತುಂಬುವಾಗ ಇದೆ.

ಪತ್ತೆ ಹಚ್ಚುವುದು ಸುಲಭ. ಎದುರಿನವರ ಪ್ರಶ್ನೆಗೆ ಉತ್ತರಿಸಿ ಮೂರು ಸೆಕೆಂಡ್ ಸುಮ್ಮನಿರಿ. “ಪಿಪಿಒ ಅಂದ್ರೇನು?” ಎಂದು ಕೇಳಿದ್ದವರು “ಓ, ಆ ಹಳದಿ ಕಾಗದಾನಾ?” ಎನ್ನುತ್ತ ಎದ್ದು ಹೋದರೆ ಅದು ಮೊದಲ ಬಗೆಯದು. ಮೌನ ಬಂದರೆ, ಮಾತು ಬೇರೆ ಕಡೆ ಹೋದರೆ, ಅಥವಾ ಇನ್ನೊಂದು ಪ್ರಶ್ನೆ ಬಂದರೆ ನಿಮ್ಮ ಪ್ರಶ್ನೆ ಇನ್ನೂ ಬಾಕಿ ಇದೆ ಎಂದು ಅರ್ಥ. ಅದನ್ನು ನೆನಪಿಟ್ಟುಕೊಳ್ಳಬೇಕಾದವರು ಕೇಳಿದವರೇ. ಉತ್ತರ ಕೊಡಬೇಕಾದವರು ಅದನ್ನು ಆಗಲೇ ಮರೆತಿರುತ್ತಾರೆ.

ಹಾಗಂತ ಅದೇ ಪ್ರಶ್ನೆಯನ್ನು ಇನ್ನೂ ಜೋರಾಗಿ ಕೇಳಿದರೆ ಆಗದು. “ಯಾವ ಪೆನ್ಶನ್?” ಎಂಬ ನನ್ನ ಪ್ರಶ್ನೆಯಲ್ಲೇ ದೋಷವಿತ್ತು. ಎರಡು ಪಿಂಚಣಿ ಇದ್ದರೆ ಎರಡು ಸಲ ಮಾಡಬೇಕು ಎಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅವರ ಪಾಲಿಗೆ ಅದೆಲ್ಲ ಒಂದೇ ‘ಪೆನ್ಶನ್’, ತಿಂಗಳ ಕೊನೆಗೆ ಬರುವ ದುಡ್ಡು. ಯಾಕೆ ಕೇಳುತ್ತಿದ್ದೇನೆ ಎಂದು ನಾನು ಹೇಳದೇ ಇದ್ದುದರಿಂದ ಅವರೇ ಒಂದು ಕಾರಣ ಊಹಿಸಿಕೊಂಡರು. ಅವರಿಗೆ ಹೊಳೆದ ಕಾರಣ, ದುಡ್ಡು ನಿಲ್ಲಿಸುತ್ತಾರೆ ಎಂಬುದು.

ಈ ವರ್ಷ ಬೇರೆ ರೀತಿ ಮಾಡಿದೆ. ಫೋನನ್ನು ಜೇಬಿನಲ್ಲೇ ಇಟ್ಟೆ.

“ಕಾಕು, ನಿಮಗೆ ಎಷ್ಟು ಕಡೆಯಿಂದ ದುಡ್ಡು ಬರುತ್ತೆ?”

“ಯಾಕೋ, ಮತ್ತ ಹೋದ ವರ್ಷದಂಗ ಆಗ್ತದೇನು?”

“ಆಗಬಾರದು ಅಂತಲೇ ಕೇಳ್ತಿದ್ದೀನಿ. ಎಷ್ಟು ಕಡೆಯಿಂದ ಬರುತ್ತೋ ಅಷ್ಟು ಸಲ ಮುಖ ತೋರಿಸಬೇಕು. ಒಂದು ಬಿಟ್ಟರೆ ಆ ಒಂದು ನಿಲ್ಲುತ್ತೆ. ಪಾಸ್‌ಬುಕ್ ಎಷ್ಟಿದೆ, ಎಲ್ಲಾ ತನ್ನಿ.”

ಅವರ ಭಯಕ್ಕೆ ಒಂದೇ ಮಾತಿನಲ್ಲಿ ನಿಜವಾದ ಉತ್ತರ, ಅದೇ ಉಸಿರಿನಲ್ಲಿ ನನ್ನ ಪ್ರಶ್ನೆ ಮತ್ತೆ, ಆದರೆ ಈ ಸಲ ಕೈಗೆ ಸಿಗುವ ವಸ್ತುವಿನ ರೂಪದಲ್ಲಿ. ‘ಹಾಗೇನೂ ಆಗಲ್ಲ’ ಎಂಬ ಸುಮ್ಮನೆ ಸಮಾಧಾನ ಹೇಳಲಿಲ್ಲ. ಯಾಕೆಂದರೆ ಸಮಾಧಾನ ಮಾತನ್ನು ಮುಗಿಸಿಬಿಡುತ್ತದೆ, ನಿಜವಾದ ಕಾರಣ ಮುಂದುವರಿಸುತ್ತದೆ. ಕಾಕು ಗೋದ್ರೇಜ್ ಕಪಾಟಿನಿಂದ ಎರಡು ಪಾಸ್‌ಬುಕ್ ತಂದು ಮೇಜಿನ ಮೇಲಿಟ್ಟರು. ಒಂದು ಅಂಚೆ ಕಚೇರಿಯದು, ಒಂದು ಬ್ಯಾಂಕಿನದು. ‘ಯಾವ ಪೆನ್ಶನ್’ ಎಂಬುದಕ್ಕೆ ಉತ್ತರ ಅಲ್ಲೇ ಇತ್ತು. ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಪಿಪಿಒ ಸಂಖ್ಯೆಯೂ ಬರೆದಿತ್ತು.

ಮೊದಲನೆಯದು ಬೇಗ ಮುಗಿಯಿತು. ಎರಡನೆಯದು ಕುಟುಂಬ ಪಿಂಚಣಿ. ಅದರಲ್ಲಿ ಮರುಮದುವೆಯಾಗಿದೆಯೇ ಎಂಬ ಕಾಲಂ ಇದೆ. ನನಗೆ ಕೇಳಲು ಸಂಕೋಚ.

“ಕಾಕು, ಇದು ಸರ್ಕಾರದ ಪ್ರಶ್ನೆ, ನನ್ನದಲ್ಲ. ಮತ್ತೆ ಮದುವೆ ಆಗಿದ್ದೀರಾ ಅಂತ ಕೇಳ್ತಾ ಇದೆ.”

“ಎಪ್ಪತ್ತೆರಡಕ್ಕ ವರಾ ನೀ ಹುಡುಕಿ ಕೊಡ್ತೀಯೇನಪ್ಪಾ?”

ಇಬ್ಬರೂ ನಕ್ಕೆವು. ಉತ್ತರ ಏನೆಂದು ಯಾರಿಗೂ ಗೊತ್ತು. ಆದರೂ ನಾನು ‘ಇಲ್ಲ’ ಒತ್ತಲಿಲ್ಲ. ಅದು ಅವರ ಘೋಷಣೆ. ಕೆಳಗೆ ಅವರ ಮುಖವೇ ಸಹಿ. “ಹಾಗಾದ್ರೆ ‘ಇಲ್ಲ’ ಅಂತ ಹಾಕಲಾ?” ಅಂದೆ. “ಹಾಕು” ಅಂದರು. ಆಗ ಒತ್ತಿದೆ. ತಿರುಗುಪ್ರಶ್ನೆಯ ಒಳಗೆ ಉತ್ತರ ಇದೆ ಅನ್ನಿಸಿದಾಗ ಅದನ್ನು ನಮ್ಮ ಮಾತಿನಲ್ಲಿ ಹೇಳಿ ಹೌದು ಅನ್ನಿಸಿಕೊಳ್ಳಬೇಕು. ಹೋದ ವರ್ಷ ನಾನು ಬಿಟ್ಟಿದ್ದು ಈ ಒಂದೇ ಹೆಜ್ಜೆಯನ್ನು. “ಅಂಚೆಯದು ಮಾತ್ರ ಮಾಡ್ತಿದ್ದೀನಿ, ಸರೀನಾ?” ಎಂದು ಕೇಳಿದ್ದರೆ ಕಾಕು ಅಡುಗೆಮನೆಯಿಂದಲೇ “ಅವರದ್ದೂ ಐತಲ್ಲೋ” ಅನ್ನುತ್ತಿದ್ದರು.

ಒಂದು ಕಡೆ ಮಾತ್ರ ಅವರನ್ನು ದಾರಿಗೆ ತರಲು ಹೋಗಲಿಲ್ಲ. ಆಧಾರಿಗೆ ಜೋಡಿಸಿದ ಫೋನಿಗೆ ಓಟಿಪಿ ಬಂದಾಗ ಕಾಕು ಫೋನನ್ನು ಎದೆಗೆ ಒತ್ತಿಕೊಂಡು ಕೇಳಿದರು: “ಇದು ನಿನಗ್ಯಾಕ ಬೇಕು?”

ಈ ಪ್ರಶ್ನೆ ಕೆಲಸಕ್ಕೆ ಅಡ್ಡಿಯಲ್ಲ, ಕಾವಲು. ಜೀವನ ಪ್ರಮಾಣಪತ್ರ ನವೀಕರಿಸುತ್ತೇವೆಂದು ಪಿಂಚಣಿದಾರರಿಗೆ ಫೋನ್ ಮಾಡಿ, ಪಿಪಿಒ ಸಂಖ್ಯೆಯನ್ನೂ ತಾವೇ ಓದಿ ಹೇಳಿ ನಂಬಿಸಿ, ಓಟಿಪಿ ಕೇಳಿ ಖಾತೆ ಬರಿದು ಮಾಡುವ ವಂಚಕರ ಬಗ್ಗೆ ಸರ್ಕಾರವೇ ಎಚ್ಚರಿಸಿದೆ. ಅವರಿಗೂ ನಯವಾಗಿ ‘ದಾರಿಗೆ ತರುವ’ ಕಲೆ ಚೆನ್ನಾಗಿ ಗೊತ್ತು. ಹಾಗಾಗಿ ಇಲ್ಲಿ ಮೆಲ್ಲಗೆ ತಿರುಗಿಸುವ ಮಾತೇ ಇಲ್ಲ, ಪೂರ್ತಿ ನಿಲ್ಲಬೇಕು. ಎಸ್‌ಎಂಎಸ್ ಯಾರಿಂದ ಬಂದಿದೆ, ಏತಕ್ಕೆ ಎಂದು ಅವರಿಂದಲೇ ಓದಿಸಿದೆ. ಸಂಖ್ಯೆಯನ್ನು ಅವರ ಕೈಯಿಂದಲೇ ಒತ್ತಿಸಿದೆ. ಐದು ನಿಮಿಷ ಹೆಚ್ಚು ಹಿಡಿಯಿತು. ನಾಳೆ ಯಾರೋ ಫೋನ್ ಮಾಡಿದಾಗಲೂ ಅವರು ಇದೇ ಪ್ರಶ್ನೆ ಕೇಳಲಿ ಎಂದು ನನ್ನ ಆಸೆ. ಇವತ್ತು ನಾನು ಗದರಿಸಿದ್ದರೆ ಅಂದು ಕೇಳಲಾರರು.

ಎರಡು ಪ್ರಮಾಣ್ ಐಡಿ ಬಂದವು. ಐಡಿ ಬಂದರೆ ಪ್ರಮಾಣಪತ್ರ ತಯಾರಾಯಿತು ಎಂದಷ್ಟೇ ಅರ್ಥ. ವಿವರ ತಪ್ಪಿದ್ದರೆ ದುಡ್ಡು ಕೊಡುವ ಕಚೇರಿ ತಿರಸ್ಕರಿಸಬಹುದು, ಆಗ ಹೊಸದಾಗಿ ಮಾಡಬೇಕು. ಅದಕ್ಕೇ jeevanpramaan.gov.in ನಿಂದ ಎರಡರ ಪ್ರತಿಯನ್ನೂ ಇಳಿಸಿಕೊಂಡು, ಒಂದೊಂದು ಪಾಸ್‌ಬುಕ್ಕಿನೊಳಗೆ ಒಂದೊಂದು ಇಟ್ಟೆ. ಡಿಸೆಂಬರ್ ಕೊನೆಗೆ ಎರಡೂ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡುವುದು ಎಂದು ಕ್ಯಾಲೆಂಡರಿನಲ್ಲಿ ಕಾಕು ಅವರೇ ಗುರುತು ಹಾಕಿಕೊಂಡರು.

ಏಳುವಾಗ ಕೇಳಿದೆ, “ಮಾತ್ರೆ ದಿನಾ ತಗೋತಿದ್ದೀರಾ ಕಾಕು?”

“ಚಹಾ ಕುಡೀತೀಯೇನು?” ಅಂದರು.

ಕುಡಿಯುತ್ತೇನೆ ಅಂದೆ. ಅವರು ಒಳಗೆ ಹೋಗದೆ ಅಲ್ಲೇ ನಿಂತಿದ್ದರು. “ಮಾತ್ರೆ ಡಬ್ಬಿ ಎಲ್ಲಿದೆ, ತೋರಿಸಿ” ಅಂದೆ. ಫ್ರಿಜ್ ಮೇಲಿಂದ ತೆಗೆದುಕೊಟ್ಟರು. ಅಂದಿನ ದಿನದವರೆಗಿನ ಮನೆಗಳೆಲ್ಲ ಖಾಲಿ ಇದ್ದವು. ಚಹಾ ಕುಡಿದು ಮನೆಗೆ ಬಂದೆ.