ಯಂತ್ರ ಪಾಸು ಮಾಡಿದ ಬಟನ್

ವೆಬ್‌ಸೈಟಿನ ಕೋಡ್ ಬದಲಿಸಿದವರು ಅದನ್ನು ಸೇರಿಸುವ ಮೊದಲು ಸಹೋದ್ಯೋಗಿಗಳ ಪರಿಶೀಲನೆಗೆ ಒಪ್ಪಿಸುತ್ತಾರೆ. ಇದೇ ಪುಲ್ ರಿಕ್ವೆಸ್ಟ್. ಜೊತೆಗೆ axe-core ನಂಥ ತಪಾಸಣಾ ತಂತ್ರಾಂಶವನ್ನೂ ತಾನಾಗಿ ಓಡುವಂತೆ ಇಡಬಹುದು.

‘ಅಳಿಸು’ ಎಂಬ ಅಕ್ಷರಗಳ ಜಾಗಕ್ಕೆ ಕಸದ ಬುಟ್ಟಿಯ ಚಿತ್ರ ಬಂತು ಎನ್ನಿ:

```html
<button aria-label="ಚಿತ್ರ">…</button>
```

ಬಟನ್ನಿಗೆ ಹೆಸರಿದೆಯೇ ಎಂದಷ್ಟೇ ಯಂತ್ರ ನೋಡುತ್ತದೆ. ಹೆಸರಿದೆ, ಹಾಗಾಗಿ ಪಾಸು. ಆದರೆ ಸ್ಕ್ರೀನ್ ರೀಡರ್ ಬಳಸುವ ಅಂಧರಿಗೆ ಕೇಳಿಸುವುದು ‘ಚಿತ್ರ, ಬಟನ್’ ಎಂದು ಮಾತ್ರ. ಒತ್ತಿದರೆ ಕಡತ ಅಳಿಸಿಹೋಗುತ್ತದೆ ಎಂಬ ಸುಳಿವೇ ಇಲ್ಲ. ಅಲ್ಲಿ ‘ಕಡತ ಅಳಿಸು’ ಎಂದಿರಬೇಕಿತ್ತು.

ಲೆಕ್ಕದ ಕೆಲಸದಲ್ಲಿ ಮಾತ್ರ ಯಂತ್ರವೇ ಗಟ್ಟಿ. ಬಿಳಿಯ ಮೇಲೆ #777777 ಬೂದು ಅಕ್ಷರದ ವರ್ಣಭೇದ 4.48:1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಡಬ್ಲ್ಯೂಸಿಎಜಿ ಮಾನದಂಡದ ಎಎ ಹಂತ ಕೇಳುವುದು 4.5:1. ಕಣ್ಣಿಗೆ ತಿಳಿಯದ ಈ ಕೊರತೆಯನ್ನು ಅದು ತಪ್ಪದೆ ಹಿಡಿಯುತ್ತದೆ.

ಉಳಿದದ್ದನ್ನು ಪರಿಶೀಲಕರೇ ನೋಡಬೇಕು. ಮೌಸ್ ಬದಿಗಿಟ್ಟು ಟ್ಯಾಬ್ ಕೀಲಿಯಿಂದ ಬಟನ್ ತಲುಪಿ, ಎನ್‌ವಿಡಿಎ ಏನು ಓದುತ್ತದೆಂದು ಕೇಳಬೇಕು. ‘ಅಳಿಸಲೇ?’ ಎಂಬ ಪೆಟ್ಟಿಗೆಯನ್ನು ರದ್ದು ಮಾಡಿದಾಗ ಫೋಕಸ್ ಮರಳಿ ಅದೇ ಬಟನ್ನಿಗೆ ಬರಬೇಕು. ಪುಟದ ತಲೆಗೆ ಹಾರಿದರೆ, ಯಂತ್ರ ಹಸಿರು ಗುರುತು ಕೊಟ್ಟಿದ್ದರೂ ಬದಲಾವಣೆಯನ್ನು ತಿದ್ದುಪಡಿಗೆ ವಾಪಸ್ ಕಳಿಸುವುದೇ ಸರಿ.